ಪತ್ರಾ ಶೆಡ್ಡನ್ನು ಗಾಳಿಗೆ ಕಟ್ಟಿಹಾಕುವುದು: ಸ್ಕ್ರೂವಿನಿಂದ ಪಾಯದವರೆಗೆ

ಹಗುರ ಉಕ್ಕಿನ ಶೆಡ್ಡನ್ನು ಗಾಳಿ ಪಕ್ಕಕ್ಕೆ ತಳ್ಳಿ ಬೀಳಿಸುವುದು ಅಪರೂಪ. ಹೆಚ್ಚಾಗಿ ಅದು ಮಾಡನ್ನು ಮೇಲಕ್ಕೆ ಎಳೆದು ಬಿಚ್ಚುತ್ತದೆ. ವಸಯಿ, ಭಿವಂಡಿ, ಪುಣೆಯ ಭೋಸರಿ, ಗೋವೆಯ ವೆರ್ಣಾದಂಥ ಕಡೆ ಶೆಡ್ ಕಟ್ಟುವವರಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮವರು ಬಹಳ ಮಂದಿ. ಕೆಲಸದಲ್ಲಿ ಪಳಗಿದ ಕೈಗಳೇ. ಆದರೆ ಶೆಡ್ ಕಟ್ಟುವಾಗ ಲೆಕ್ಕ ಹಾಕುವುದು ಮಾಡಿನ ತಗಡು, ಅಂದರೆ ಪತ್ರಾದ ಭಾರ ಎಷ್ಟು, ಮಾಡನ್ನು ಹೊರುವ ತ್ರಿಕೋನ ಚೌಕಟ್ಟಾದ ಟ್ರಸ್ ಅದನ್ನು ಹೊರುತ್ತದೆಯೇ ಎಂದು. ಕೆಳಕ್ಕೆ ಒತ್ತುವ ಈ ಭಾರ ಚದರ ಮೀಟರಿಗೆ ಹತ್ತು ಕಿಲೋ ಅಷ್ಟೆ. ಮೇಲಕ್ಕೆ ಎಳೆಯುವ ಗಾಳಿ ಅದರ ಹದಿನೈದು, ಹದಿನೆಂಟು ಪಟ್ಟು ಇರುತ್ತದೆ. ಒಂದು ಶೆಡ್ಡನ್ನೇ ಹಿಡಿದು ಈ ಲೆಕ್ಕವನ್ನು ಕೊನೆಯವರೆಗೆ ನೋಡೋಣ.

ನಮ್ಮ ಶೆಡ್

ವಸಯಿ ಪೂರ್ವದಲ್ಲಿ, ಒಂದು ಮಗ್ಗುಲಿಗೆ ಬಯಲು ಇರುವ ಗಾಲಾ ಎಂದುಕೊಳ್ಳಿ. ಅಗಲ 9 ಮೀಟರ್, ಉದ್ದ 18 ಮೀಟರ್, ಸೂರಿನ ಎತ್ತರ 4.5 ಮೀಟರ್, ಮಾಡಿನ ಇಳಿಜಾರು 10 ಡಿಗ್ರಿ. 4.5 ಮೀಟರಿಗೊಂದರಂತೆ ಐದು ಟ್ರಸ್, ಹತ್ತು ಕಂಬ; ಎರಡು ಟ್ರಸ್ಸುಗಳ ನಡುವಿನ ಜಾಗವೇ ಒಂದು ಬೇ. ಟ್ರಸ್ಸಿನಿಂದ ಟ್ರಸ್ಸಿಗೆ ಹಾಯ್ದು ಪತ್ರಾವನ್ನು ಹೊರುವ ಪರ್ಲಿನ್‌ಗಳ ನಡುವಿನ ಅಂತರ ಸುಮಾರು 1.2 ಮೀಟರ್. ಉದ್ದದ ಗೋಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಒಂದು ದೊಡ್ಡ ರೋಲಿಂಗ್ ಶಟರ್, ಕೆಲವು ಕಿಟಕಿ.

ಮೊದಲ ಹೆಜ್ಜೆ: ಗಾಳಿ ಎಷ್ಟು?

ಭಾರತೀಯ ಮಾನಕ ಐಎಸ್ 875, ಮೂರನೇ ಭಾಗ (2015) ಊರೂರಿನ ಮೂಲ ಗಾಳಿವೇಗ ಕೊಡುತ್ತದೆ. ಮುಂಬಯಿಗೆ ಸೆಕೆಂಡಿಗೆ 44 ಮೀಟರ್, ಪುಣೆ ಮತ್ತು ಪಣಜಿಗೆ 39 ಮೀಟರ್. 44 ಮೀಟರ್ ಅಂದರೆ ಗಂಟೆಗೆ ಸುಮಾರು 158 ಕಿ.ಮೀ. ಇದು ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಮೂರು ಸೆಕೆಂಡು ಬೀಸುವ ರಭಸದ ವೇಗ. ಹವಾಮಾನ ವರದಿಯಲ್ಲಿ ಹೇಳುವ ನಿಮಿಷಗಳ ಸರಾಸರಿಯನ್ನು ಇದರ ಪಕ್ಕ ಇಟ್ಟು ಹೋಲಿಸಿದರೆ ತಪ್ಪಾಗುತ್ತದೆ.

```
Vz = Vb × k1 × k2 × k3 × k4
pz = 0.6 × Vz²
```

ಇಲ್ಲಿ Vb ಮೂಲ ಗಾಳಿವೇಗ, Vz ನಮ್ಮ ಶೆಡ್ಡಿಗೆ ಹಿಡಿಯುವ ವೇಗ, pz ಅದರ ಒತ್ತಡ. k1 ಕಟ್ಟಡದ ಆಯುಸ್ಸಿನ ಗುಣಕ, k2 ಸುತ್ತಲಿನ ನೆಲ ಮತ್ತು ಎತ್ತರದ್ದು, k3 ಗುಡ್ಡ ಇಳಿಜಾರಿನದು, k4 ಚಂಡಮಾರುತದ್ದು. ನಮ್ಮ ಶೆಡ್ಡಿಗೆ ಬಯಲಿನ ವರ್ಗ (2) ಹಿಡಿದರೆ ನಾಲ್ಕೂ ಗುಣಕಗಳು 1. ಆಗ ಒತ್ತಡ 0.6 × 44 × 44, ಅಂದರೆ ಚದರ ಮೀಟರಿಗೆ 1,162 ನ್ಯೂಟನ್. ದಿಕ್ಕಿನ ಗುಣಕ 0.9ರಿಂದ ಗುಣಿಸಿದರೆ 1,045 ನ್ಯೂಟನ್, ಅಂದಾಜು 107 ಕಿಲೋ. ಪುಣೆ ಅಥವಾ ಗೋವೆಯಲ್ಲಿ ಇದೇ ಶೆಡ್ ಇದ್ದರೆ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಕಡಿಮೆಯಾಗುತ್ತದೆ. ಸುತ್ತ ಒತ್ತಾಗಿ ಕಟ್ಟಡಗಳಿದ್ದರೆ k2 ಇನ್ನೂ ಇಳಿಯುತ್ತದೆ. ಆದರೆ ವೆರ್ಣಾದ ಹಾಗೆ ಎತ್ತರದ ಬಯಲಿನ ಅಂಚಿನಲ್ಲಿ ಶೆಡ್ ಇದ್ದರೆ k3 ಏರುತ್ತದೆ. ಗುಡ್ಡದ ಬುಡದಿಂದ ಏರಿ ಬಂದ ಗಾಳಿ ಅಂಚಿನಲ್ಲಿ ವೇಗ ಪಡೆಯುತ್ತದೆ, ಈ ಗುಣಕ 1.36ರವರೆಗೂ ಹೋಗಬಹುದು. ವೇಗದ ವರ್ಗ ತಾನೆ ಲೆಕ್ಕಕ್ಕೆ ಬರುವುದು, ಹಾಗಾಗಿ ಒತ್ತಡ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

k1 ವಿಷಯದಲ್ಲಿ ಒಂದು ಮೋಸ ನಡೆಯುತ್ತದೆ, ಗೊತ್ತಿದ್ದರೆ ಒಳ್ಳೆಯದು. ಐದು ವರ್ಷದ ತಾತ್ಕಾಲಿಕ ಶೆಡ್ಡಿಗೆ ಮಾನಕ ರಿಯಾಯಿತಿ ಕೊಡುತ್ತದೆ: ಮುಂಬಯಿಯಲ್ಲಿ k1 ಬರೀ 0.73. ವರ್ಗ ಮಾಡಿದರೆ ಒತ್ತಡ ಅರ್ಧಕ್ಕೆ ಬಂತು. ಆ ರಿಯಾಯಿತಿ ಇರುವುದು ಕಟ್ಟಡದ ಕೆಲಸ ಮುಗಿದ ಮೇಲೆ ಕಿತ್ತುಹಾಕುವ ಶೆಡ್ಡಿಗೆ. ಕಾಗದದಲ್ಲಿ ತಾತ್ಕಾಲಿಕ ಎಂದು ಬರೆದು ಇಪ್ಪತ್ತು ವರ್ಷ ನಿಲ್ಲಿಸುವ ಗಾಲಾಗೆ ಅಲ್ಲ. ನಕ್ಷೆ ಕೈಗೆ ಬಂದಾಗ ಮೊದಲು ನೋಡಬೇಕಾದ ಅಂಕಿ ಇದು.

ಎರಡನೇ ಹೆಜ್ಜೆ: ಮಾಡಿಗೆ ಎಷ್ಟು ಎಳೆತ?

ಗಾಳಿ ಮಾಡಿನ ಮೇಲೆ ಹಾಯುವಾಗ ಸೂರಿನ ಅಂಚಿನಲ್ಲಿ ಮೇಲ್ಮೈಯಿಂದ ಬಿಟ್ಟು ಏಳುತ್ತದೆ, ಅಲ್ಲಿ ಹೀರುವಿಕೆ ಹುಟ್ಟುತ್ತದೆ. 10 ಡಿಗ್ರಿಯ ಮಾಡಿಗೆ, ಗಾಳಿ ಬೀಸುವ ಕಡೆಯ ಇಳಿಜಾರಿನಲ್ಲಿ ಈ ಹೀರುವಿಕೆಯ ಗುಣಾಂಕ 1.2. ಇದು 20 ಡಿಗ್ರಿಯ ಮಾಡಿಗೆ 0.4 ಮಾತ್ರ. ಅಗ್ಗ ಎಂದು ಮಾಡನ್ನು ಚಪ್ಪಟೆ ಮಾಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಹೊರಗಿನ ಹೀರುವಿಕೆಗೆ ಒಳಗಿನ ಒತ್ತಡ ಸೇರುತ್ತದೆ. ತೆರೆದ ಜಾಗ ಗೋಡೆಯ ಶೇ. 5ಕ್ಕಿಂತ ಕಡಿಮೆ ಇದ್ದರೆ 0.2, ಶೇ. 5ರಿಂದ 20 ಇದ್ದರೆ 0.5, ಅದಕ್ಕೂ ಹೆಚ್ಚಿದ್ದರೆ 0.7. ನಮ್ಮ ಗಾಲಾ ಪೂರ್ತಿ ಮುಚ್ಚಿದ್ದಾಗ ಒಟ್ಟು 1.4, ಅಂದರೆ ಚದರ ಮೀಟರಿಗೆ 150 ಕಿಲೋ ಎಳೆತ. ಶಟರ್ ತೆರೆದಿದ್ದರೆ 1.7, ಅಂದರೆ 181 ಕಿಲೋ. ಶಟರ್ ಮುಚ್ಚಿದರಾಯಿತು ಎಂದು 0.2ಕ್ಕೆ ವಿನ್ಯಾಸ ಮಾಡಬೇಡಿ. ಗಾಳಿಗೆ ಮೊದಲು ಸೋಲುವುದೇ ಶಟರ್. ಪಟ್ಟಿ ಬಾಗಿ ಪಕ್ಕದ ಗೈಡಿನಿಂದ ಹೊರಬಂದರೆ ಸಾಕು, ಗಾಳಿ ಒಳಗೆ ತುಂಬುತ್ತದೆ. ಬೆಳಕಿಗೆಂದು ಹಾಕಿದ ಫೈಬರ್ ಪತ್ರಾ ಒಡೆದರೂ ಅದೇ ಕಥೆ.

ಅಂಚುಗಳಲ್ಲಿ ಎಳೆತ ಇನ್ನೂ ಜೋರು. ಸೂರು ಮತ್ತು ತುದಿಗೋಡೆಯ ಉದ್ದಕ್ಕೂ ಅಗಲದ ಶೇ. 15ರಷ್ಟು, ನಮಗೆ 1.35 ಮೀಟರ್ ಪಟ್ಟಿಯಲ್ಲಿ, ಹೊರಗಿನ ಗುಣಾಂಕ 1.4ಕ್ಕೆ ಏರುತ್ತದೆ. ಒಳಗಿನ 0.5 ಸೇರಿ ಚದರ ಮೀಟರಿಗೆ 203 ಕಿಲೋ. ಬಿರುಗಾಳಿ ಬಂದುಹೋದ ಮೇಲೆ ಮೂಲೆಯ ಪತ್ರಾಗಳೇ ಮೊದಲು ಎದ್ದಿರುವುದಕ್ಕೆ ಕಾರಣ ಇದು.

ಮೂರನೇ ಹೆಜ್ಜೆ: ಪತ್ರಾದಿಂದ ಪರ್ಲಿನ್‌ಗೆ

ಹಳೆಯ ಶೆಡ್ಡುಗಳಲ್ಲಿ ಇನ್ನೂ ಜೆ ಹುಕ್ ಇರುತ್ತದೆ. ಕೆಳಕ್ಕೆ ಬೀಳುವ ಭಾರಕ್ಕೆ ಅದರಿಂದ ತೊಂದರೆ ಇಲ್ಲ. ಮೇಲಕ್ಕೆ ಎಳೆದಾಗ ಮಾತ್ರ ಅದರ ಕೊಕ್ಕೆ ನೇರವಾಗುತ್ತ ಹೋಗಿ ಪರ್ಲಿನ್‌ನಿಂದ ಜಾರುತ್ತದೆ. ಒಳಗಿನಿಂದ ನೋಡಿದಾಗ ಕೊಕ್ಕೆ ಪರ್ಲಿನ್‌ಗೆ ಅಂಟಿ ಕೂತಿಲ್ಲದಿದ್ದರೆ, ಬಾಯಿ ತೆರೆದಿದ್ದರೆ, ಅದು ಒಮ್ಮೆ ಎಳೆತ ತಿಂದಿದೆ ಎಂದರ್ಥ. ಬಿಗಿ ಮಾಡಿ ಪ್ರಯೋಜನವಿಲ್ಲ, ತಾನೇ ಕೊರೆದು ಕೂರುವ 5.5 ಮಿ.ಮೀ. ಸ್ಕ್ರೂಗೆ ಬದಲಿಸಿ.

ಸ್ಕ್ರೂ 300 ಮಿ.ಮೀ.ಗೊಂದು, ಪರ್ಲಿನ್ 1.2 ಮೀಟರಿಗೊಂದು ಇದ್ದರೆ ಒಂದು ಸ್ಕ್ರೂವಿನ ಪಾಲು 0.36 ಚದರ ಮೀಟರ್. ಅಂಚಿನಲ್ಲಿ ಅದಕ್ಕೆ 73 ಕಿಲೋ ಎಳೆತ. 2 ಮಿ.ಮೀ. ದಪ್ಪದ ಪರ್ಲಿನ್‌ನಿಂದ ಅಷ್ಟಕ್ಕೆ ಸ್ಕ್ರೂ ಕಿತ್ತುಬರುವುದಿಲ್ಲ. ಸೋಲುವುದು ಪತ್ರಾ: ಗಾಳಿಯ ಪ್ರತಿ ಹೊಡೆತಕ್ಕೂ ವಾಷರಿನ ಸುತ್ತ ತಗಡು ಮೇಲೆ ಕೆಳಗೆ ಬಾಗಿ, ಸಣ್ಣ ಬಿರುಕು ಎದ್ದು, ಕೊನೆಗೆ ಸ್ಕ್ರೂ ತಲೆ ತೂತಿನೊಳಗೆ ದಾಟುತ್ತದೆ. ಹಾಗಾಗಿ 1.35 ಮೀಟರಿನ ಅಂಚು ಪಟ್ಟಿಯಲ್ಲಿ ಪತ್ರಾದ ಉಬ್ಬುಗೆರೆ, ಅಂದರೆ ಪ್ರತಿ ಏಣಿಗೂ ಸ್ಕ್ರೂ ಹಾಕಿ, ನಡುಭಾಗದಲ್ಲಿ ಒಂದು ಬಿಟ್ಟು ಒಂದು ಸಾಕು. ಪತ್ರಾ ಕೊಳ್ಳುವಾಗ ಮೈಕ್ರೋಮೀಟರ್ ಹಿಡಿದು ಅಳೆಯಿರಿ. 0.5 ಎಂದು ಹೇಳಿದ್ದು ಬಣ್ಣ, ಲೇಪ ಎಲ್ಲ ಸೇರಿದ ದಪ್ಪವೋ ಬರೀ ಉಕ್ಕಿನ ದಪ್ಪವೋ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸೂರಿನಾಚೆ ಪತ್ರಾವನ್ನು 300 ಮಿ.ಮೀ.ಗಿಂತ ಹೆಚ್ಚು ಚಾಚಬೇಡಿ. ಅಲ್ಲಿ ಮೇಲಿನಿಂದ ಹೀರುವಿಕೆ, ಕೆಳಗಿನಿಂದ ನೂಕು, ಎರಡೂ ಒಟ್ಟಿಗೆ ಬೀಳುತ್ತವೆ.

ನಾಲ್ಕನೇ ಹೆಜ್ಜೆ: ಪರ್ಲಿನ್‌ನಿಂದ ಟ್ರಸ್ಸಿಗೆ

ಅತಿ ಹೆಚ್ಚು ಶೆಡ್ಡುಗಳು ಸೋಲುವ ಜಾಗ ಇದೇ ಎಂದು ನಮ್ಮ ಅಭಿಪ್ರಾಯ. ಪತ್ರಾ ಒಂದೊಂದೇ ಹಾರಿದ್ದರೆ ಸ್ಕ್ರೂ ಸೋತಿದೆ. ಪರ್ಲಿನ್ ಸಮೇತ ಇಡೀ ಮಾಡು ಚಾಪೆಯಂತೆ ಮಗುಚಿಕೊಂಡು ಪಕ್ಕದ ಗಾಲಾದ ಮೇಲೆ ಬಿದ್ದಿದ್ದರೆ ಈ ಕೀಲು ಸೋತಿದೆ.

ಒಂದು ಟ್ರಸ್ಸಿನ ಮೇಲೆ ಒಂದು ಪರ್ಲಿನ್ ಕೂತ ಜಾಗಕ್ಕೆ ಬರುವ ಪಾಲು 4.5 × 1.2, ಅಂದರೆ 5.4 ಚದರ ಮೀಟರ್. 181 ಕಿಲೋದಿಂದ ಮಾಡಿನ ಸ್ವಂತ ಭಾರ 10 ಕಿಲೋ ಕಳೆದರೂ ಆ ಒಂದು ಕೀಲಿನ ಮೇಲೆ 920 ಕಿಲೋ ಎಳೆತ. ಉಕ್ಕಿನ ಕಟ್ಟಡಗಳ ಮಾನಕ ಐಎಸ್ 800 ಹೇಳುವಂತೆ ಗಾಳಿಗೆ 1.5 ಪಟ್ಟು, ಸ್ವಂತ ಭಾರಕ್ಕೆ 0.9 ಪಟ್ಟು ಹಿಡಿದರೆ ವಿನ್ಯಾಸದ ಬಲ ಸುಮಾರು 1,400 ಕಿಲೋ. ಎರಡು ಬೇ ಉದ್ದದ ಒಂದೇ ಟ್ಯೂಬ್ ಹಾಕಿದ್ದರೆ ನಡುವಿನ ಟ್ರಸ್ಸಿಗೆ ಕಾಲು ಪಾಲು ಹೆಚ್ಚು ಬೀಳುತ್ತದೆ, 1,750 ದಾಟುತ್ತದೆ. ಇಂಥ ಕಡೆ ನಾವು ನೋಡುವುದು ಎರಡು ಚುಕ್ಕೆ ಟ್ಯಾಕ್ ವೆಲ್ಡ್, ಅದರ ಮೇಲೆ ಕೆಂಪು ಬಣ್ಣ!

ಕಾಗದದ ಮೇಲೆ 3 ಮಿ.ಮೀ. ವೆಲ್ಡ್ 45 ಮಿ.ಮೀ. ಉದ್ದ ಇದ್ದರೂ 1,400 ಕಿಲೋ ತಡೆಯುತ್ತದೆ. ಆದರೆ ಎತ್ತರದಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು, 2 ಮಿ.ಮೀ. ಟ್ಯೂಬಿಗೆ ಹಾಕುವ ವೆಲ್ಡ್ ಒಂದೋ ಒಳಗೆ ಇಳಿಯದೆ ಮೇಲೆ ಕೂರುತ್ತದೆ, ಇಲ್ಲವೇ ಟ್ಯೂಬನ್ನೇ ಸುಟ್ಟು ತೂತು ಮಾಡುತ್ತದೆ. ಸತುವಿನ ಲೇಪ ಇದ್ದರೆ ಅದೂ ಉರಿದುಹೋಗಿ, ಸಮುದ್ರದ ಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ಟ್ಯಾಕ್ ಪಕ್ಕದಲ್ಲಿ ಕಂದು ಗೆರೆ ಇಳಿದಿದ್ದರೆ ಒಳಗೆ ಬಿರುಕಿದೆ ಎಂದೇ ತಿಳಿಯಿರಿ.

ಹೊಸ ಕೆಲಸವಾದರೆ 75×75×6 ಆಂಗಲ್‌ನ 100 ಮಿ.ಮೀ. ತುಂಡನ್ನು ನೆಲದ ಮೇಲೆಯೇ ಟ್ರಸ್ಸಿಗೆ ಚೆನ್ನಾಗಿ ವೆಲ್ಡ್ ಮಾಡಿ, ಮೇಲೆ ಹೋದ ಮೇಲೆ ಪರ್ಲಿನ್ ಅನ್ನು ಅದಕ್ಕೆ ಎರಡು 12 ಮಿ.ಮೀ. ಬೋಲ್ಟಿನಿಂದ ಕಟ್ಟಿ. ಸಾಮಾನ್ಯ 4.6 ದರ್ಜೆಯ ಒಂದು ಬೋಲ್ಟ್ 1,580 ಕಿಲೋವರೆಗೆ ತಡೆಯುತ್ತದೆ. ಒಂದೇ ಬೋಲ್ಟ್ ಸಾಲದು ಎಂಬುದು ಮೇಲಿನ 1,750ರಿಂದಲೇ ಗೊತ್ತಾಗುತ್ತದೆ. ಜತೆಗೆ ಒಂದೇ ಬೋಲ್ಟಿನ ಸುತ್ತ ಪರ್ಲಿನ್ ತಿರುಗುತ್ತದೆ.

ನಿಂತಿರುವ ಶೆಡ್ಡಿಗೆ ವೆಲ್ಡ್ ಬೇಡ, ಯು ಬೋಲ್ಟ್ ಹಾಕಿ. 12 ಮಿ.ಮೀ. ಸರಳಿನ ಸತು ಲೇಪದ ಯು ಬೋಲ್ಟನ್ನು ಪರ್ಲಿನ್ ಮೇಲಿಂದ ಇಳಿಸಿ, ಟ್ರಸ್ಸಿನ ಮೇಲುಪಟ್ಟಿಯ ಅಡಿಗೆ 6 ಮಿ.ಮೀ. ತಟ್ಟೆ ಕೊಟ್ಟು, ಎರಡೆರಡು ನಟ್ಟಿನಿಂದ ಬಿಗಿಯಿರಿ. ಪತ್ರಾ ಮತ್ತು ಪರ್ಲಿನ್ ನಡುವೆ ಸರಳು ನುಗ್ಗಬೇಕಾದ್ದರಿಂದ ಆ ಜಾಗದ ಎರಡು ಸ್ಕ್ರೂ ಸಡಿಲಿಸಿ, ಸರಳು ಪತ್ರಾದ ಏಣಿಯ ಕೆಳಗೆ ಬರುವಂತೆ ನೋಡಿಕೊಳ್ಳಬೇಕು. ನಮ್ಮ ಗಾಲಾದಲ್ಲಿ ಹತ್ತು ಸಾಲು ಪರ್ಲಿನ್, ಐದು ಟ್ರಸ್: ಒಟ್ಟು ಐವತ್ತು ಯು ಬೋಲ್ಟ್. ಹಣ ಕಡಿಮೆ ಇದ್ದರೆ ಈ ವರ್ಷ ಸೂರಿನ ಎರಡು ಸಾಲು, ರಿಜ್ಜಿನ ಎರಡು ಸಾಲು ಮತ್ತು ಎರಡೂ ತುದಿಯ ಟ್ರಸ್ ಮುಗಿಸಿ, ಉಳಿದದ್ದು ಮುಂದಿನ ವರ್ಷಕ್ಕೆ.

ಕೀಲು ಗಟ್ಟಿಯಾದರೆ ಪರ್ಲಿನ್ ತಾನೇ ತಡೆಯುತ್ತದೆಯೇ ಎಂಬುದನ್ನೂ ನೋಡಬೇಕು. ಈ ಶೆಡ್ಡಿನ ಒಂದು ಪರ್ಲಿನ್‌ಗೆ ಮೇಲ್ಮುಖವಾಗಿ ಬರುವ ಬಾಗು 7.8 ಕಿಲೋನ್ಯೂಟನ್-ಮೀಟರ್. ಮಾರುಕಟ್ಟೆಯಲ್ಲಿ ಎಲ್ಲರೂ ಕೇಳುವ 60×40 ಟ್ಯೂಬ್ ಅದರ ಮೂರನೇ ಒಂದು ಭಾಗ ಹೊತ್ತರೆ ಹೆಚ್ಚು. ಅಂಥ ಕಡೆ ಸಾಲುಗಳ ನಡುವೆ ಇನ್ನೊಂದು ಸಾಲು ಸೇರಿಸಿದರೂ ಸಾಲದು, ದೊಡ್ಡ ಅಳತೆಗೇ ಹೋಗಬೇಕು. ಸಿ ಅಥವಾ ಝಡ್ ಪರ್ಲಿನ್ ಆದರೆ ಮತ್ತೊಂದು ಸಮಸ್ಯೆ. ಮೇಲೆ ಎಳೆದಾಗ ಅದರ ಕೆಳತುಟಿ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ತಿರುಚುತ್ತದೆ, ಪತ್ರಾ ಹಿಡಿದಿರುವುದು ಮೇಲುತುಟಿಯನ್ನು ಮಾತ್ರ. ಪ್ರತಿ ಬೇಯ ನಡುವೆ ಕೆಳತುಟಿಯ ಹತ್ತಿರ ಪರ್ಲಿನ್‌ಗಳನ್ನು ಒಂದಕ್ಕೊಂದು ಹಿಡಿಯುವ ಒಂದು ಸಾಲು ಸ್ಯಾಗ್ ರಾಡ್ ಓಡಿಸಿ, ರಿಜ್ಜಿನಲ್ಲಿ ಎರಡೂ ಇಳಿಜಾರಿನವನ್ನು ಒಂದಕ್ಕೊಂದು ಕಟ್ಟಿ.

ಐದನೇ ಹೆಜ್ಜೆ: ಟ್ರಸ್ಸಿನ ಕೆಳಪಟ್ಟಿ

ಮಾಡಿನ ಭಾರಕ್ಕೆ ಟ್ರಸ್ಸಿನ ಕೆಳಪಟ್ಟಿ ಎಳೆತದಲ್ಲಿರುತ್ತದೆ, ಹಗ್ಗದ ಹಾಗೆ. ಆದ್ದರಿಂದಲೇ ಅಲ್ಲಿ ತೆಳು ಆಂಗಲ್ ಹಾಕುತ್ತಾರೆ. ಗಾಳಿ ಮಾಡನ್ನು ಎತ್ತಿದಾಗ ಎಲ್ಲ ತಿರುಗುಮುರುಗು: ಅದೇ ಪಟ್ಟಿ ಒತ್ತಡಕ್ಕೆ ಸಿಗುತ್ತದೆ. ಹಗ್ಗವನ್ನು ತುದಿಯಿಂದ ನೂಕಿದರೆ ಏನಾಗುತ್ತದೋ ಅದೇ ಆಗುತ್ತದೆ, 9 ಮೀಟರ್ ಉದ್ದಕ್ಕೆ ಪಕ್ಕದ ಆಸರೆ ಇಲ್ಲದ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ.

ಪರಿಹಾರ ಸುಲಭ. ಕೆಳಪಟ್ಟಿಯನ್ನು ಮೂರು ಭಾಗ ಮಾಡಿ, 3 ಮೀಟರಿಗೊಂದರಂತೆ ಎರಡು ಸಾಲು ಆಂಗಲ್ಲನ್ನು ಶೆಡ್ಡಿನ ಉದ್ದಕ್ಕೂ ಎಲ್ಲ ಟ್ರಸ್ಸಿಗೂ ಕಟ್ಟಿಕೊಂಡು ಹೋಗಿ. ಅಷ್ಟಕ್ಕೆ ನಿಲ್ಲಿಸಬೇಡಿ. ಈ ಸಾಲುಗಳು ತುದಿ ಬೇಯಲ್ಲಿ ಓರೆ ಸರಳುಗಳ ಎಕ್ಸ್ ಬ್ರೇಸಿಂಗಿಗೆ ಸೇರದಿದ್ದರೆ ಐದೂ ಟ್ರಸ್ಸುಗಳು ಕೈ ಕೈ ಹಿಡಿದುಕೊಂಡೇ ಒಂದೇ ಕಡೆ ವಾಲುತ್ತವೆ. ಪ್ರತಿ ಟ್ರಸ್ಸಿನಲ್ಲಿ ಪರ್ಲಿನ್‌ನಿಂದ ಕೆಳಪಟ್ಟಿಗೆ ಓರೆಯಾಗಿ 40×40×5 ಆಂಗಲ್ ಕೊಡುವುದು ಇನ್ನೊಂದು ದಾರಿ. ಬಿರುಗಾಳಿಯ ನಂತರ ನೆಲದಲ್ಲಿ ನಿಂತು ಕೆಳಪಟ್ಟಿಯ ಗುಂಟ ಕಣ್ಣು ಹಾಯಿಸಿ. ಸೊಟ್ಟ ಕಂಡರೆ ಅದನ್ನು ಸುತ್ತಿಗೆಯಿಂದ ನೇರ ಮಾಡದೆ ಬದಲಿಸಿ.

ಆರನೇ ಹೆಜ್ಜೆ: ಬ್ರೇಸಿಂಗ್

ತುದಿಗೋಡೆಗೆ ಗಾಳಿ ಬಡಿದಾಗ ಶೆಡ್ ಉದ್ದಕ್ಕೆ ವಾಲುತ್ತದೆ. ನಮ್ಮ ತುದಿಗೋಡೆ ತ್ರಿಕೋನವೂ ಸೇರಿ 44 ಚದರ ಮೀಟರ್, ಅದರಲ್ಲಿ ಮೇಲಿನ 24 ಚದರ ಮೀಟರಿನ ಬಲ ಮಾಡಿನ ಮಟ್ಟಕ್ಕೆ ಬರುತ್ತದೆ. ಎದುರು ಮತ್ತು ಹಿಂದಿನ ಗೋಡೆಯ ಗುಣಾಂಕ ಒಟ್ಟು 1 ಎಂದರೆ ಸುಮಾರು 2,570 ಕಿಲೋ, ಪ್ರತಿ ಮಗ್ಗುಲಿಗೆ 1,285. 4.5 ಮೀಟರ್ ಬೇ, 4.5 ಮೀಟರ್ ಎತ್ತರದಲ್ಲಿ ಓರೆ ಸರಳು 45 ಡಿಗ್ರಿಯಲ್ಲಿರುವುದರಿಂದ ಅದರಲ್ಲಿ 1,817 ಕಿಲೋ, 1.5 ಪಟ್ಟು ಮಾಡಿದರೆ 2,725. ಚೂಡಿ ಹಾಕಿದ 12 ಮಿ.ಮೀ. ಸರಳು 2,460 ಕಿಲೋಗೆ ನಿಲ್ಲುತ್ತದೆ, ಸಾಲುವುದಿಲ್ಲ. 16 ಮಿ.ಮೀ. ಸರಳಿಗೆ ಟರ್ನ್‌ಬಕಲ್ ಹಾಕಿ.

ಮಾಡಿನ ಸಮತಲದಲ್ಲಿ ಎಕ್ಸ್, ಅದೇ ಬೇಯ ಎರಡೂ ಗೋಡೆಗಳಲ್ಲಿ ಎಕ್ಸ್. ಎರಡೂ ತುದಿಗಳಲ್ಲಿ ಹೀಗೆಯೇ. ಶಟರ್ ಇರುವ ಬೇಯಲ್ಲಿ ಎಕ್ಸ್ ಕೂರದಿದ್ದರೆ ಮಾಡಿನ ಎಕ್ಸನ್ನೂ ಸೇರಿಸಿ ಪಕ್ಕದ ಬೇಗೆ ಸರಿಸಿ, ಒಂದನ್ನೇ ಸರಿಸಿದರೆ ಬಲಕ್ಕೆ ನೆಲ ತಲುಪುವ ದಾರಿ ತಪ್ಪುತ್ತದೆ. ಟರ್ನ್‌ಬಕಲ್ ಹಿಡಿದು ಅಲುಗಿಸಿದಾಗ ಸರಳು ಜೋತಾಡಿದರೆ ಅದು ಇದ್ದೂ ಇಲ್ಲದಂತೆ. ಫೋರ್ಕ್‌ಲಿಫ್ಟಿಗೆ ಅಡ್ಡ ಬಂತೆಂದು ಯಾರೋ ಕತ್ತರಿಸಿದ ಓರೆ ಸರಳು ಬಹುತೇಕ ಪ್ರತಿ ಎಸ್ಟೇಟಿನಲ್ಲೂ ಒಂದಾದರೂ ಸಿಗುತ್ತದೆ.

ಏಳನೇ ಹೆಜ್ಜೆ: ಕಂಬ ಮತ್ತು ಪಾಯ

ಇಷ್ಟೂ ಎಳೆತ ಕೊನೆಗೆ ಬರುವುದು ಪಾಯಕ್ಕೆ. ನಡುವಿನ ಟ್ರಸ್ಸಿನ ಗಾಳಿ ಬೀಸುವ ಕಡೆಯ ಕಂಬಕ್ಕೆ ಸುಮಾರು 3,250 ಕಿಲೋ, ಮಾಡು ಮತ್ತು ಕಂಬದ ಭಾರ ಕಳೆದರೆ 2,800 ಕಿಲೋ. ಸಣ್ಣ ಶೆಡ್ಡಿಗೆ ಸಾಮಾನ್ಯವಾಗಿ ಹಾಕುವ 600 ಮಿ.ಮೀ. ಘನದ ಕಾಂಕ್ರೀಟ್ ದಿಮ್ಮಿಯ ತೂಕ 520 ಕಿಲೋ. ಮಣ್ಣಿನ ಹಿಡಿತ ಸ್ವಲ್ಪ ಸೇರುತ್ತದೆ, ನಿಜ. ಆದರೆ ವಸಯಿಯಂಥ ತಗ್ಗಿನಲ್ಲಿ ನೀರು ಮೇಲೆ ಬಂದಾಗ ಮುಳುಗಿದ ಕಾಂಕ್ರೀಟಿನ ತೂಕ ಶೇ. 40ರಷ್ಟು ಇಳಿಯುತ್ತದೆ, ಮಣ್ಣೂ ಹಗುರವಾಗುತ್ತದೆ.

ಹೊಸ ಪಾಯವಾದರೆ 1.5 ಮೀಟರ್ ಆಳದಲ್ಲಿ 1.5 × 1.5 × 0.4 ಮೀಟರ್ ತಟ್ಟೆ ಹಾಕಿದರೆ ಮೇಲಿನ ಮಣ್ಣೂ ಸೇರಿ 6 ಟನ್ ದಾಟುತ್ತದೆ. ನೀರಲ್ಲಿ ನೆನೆದಾಗ ಮೂರೂವರೆ ಟನ್ ಉಳಿಯುತ್ತದೆ, 2,800ಕ್ಕಿಂತ ಹೆಚ್ಚೇ. ಆದರೆ 1.5 ಪಟ್ಟಿನ ಭದ್ರತೆ ಅಷ್ಟರಲ್ಲಿ ಸಿಗುವುದಿಲ್ಲ, ಅಂಥ ನೆಲದಲ್ಲಿ ತಟ್ಟೆಯನ್ನು ಇನ್ನೂ ದೊಡ್ಡದು ಮಾಡಿಸಿ. ನಿಂತ ಶೆಡ್ಡಿಗೆ ಅಗೆದು ಹಾಕುವುದು ಕಷ್ಟ. ಅಲ್ಲಿ ಕಂಬಗಳ ನಡುವೆ 230 × 450 ಪ್ಲಿಂತ್ ಬೀಮ್ ಹಾಕಿ, ಅದರ ಸರಳುಗಳನ್ನು ಕಂಬದಡಿಯ ಕಾಂಕ್ರೀಟ್ ಪೀಠವಾದ ಪೆಡೆಸ್ಟಲ್ಲಿಗೆ ಸೇರಿಸಿ, ಮೇಲೆ 230 ಮಿ.ಮೀ. ಇಟ್ಟಿಗೆ ಗೋಡೆ ಏರಿಸಿ. 4.5 ಮೀಟರಿನ ಬೀಮ್ ಒಂದೇ 1.1 ಟನ್, 2.4 ಮೀಟರ್ ಎತ್ತರದ ಗೋಡೆ ಮತ್ತೆ ನಾಲ್ಕೂವರೆ ಟನ್ನಿಗೂ ಹೆಚ್ಚು. ಬೀಮ್ ಪೆಡೆಸ್ಟಲ್ಲಿಗೆ ಕಟ್ಟಿಕೊಂಡಿರದೆ ಬರೀ ತಾಗಿ ಕೂತಿದ್ದರೆ ಈ ತೂಕ ಲೆಕ್ಕಕ್ಕಿಲ್ಲ. ಶಟರ್ ಬೇಯ ಎರಡು ಕಂಬಗಳಿಗೆ ಒಂದೇ ಮಗ್ಗುಲಿನ ಗೋಡೆ ಸಿಗುವುದು, ಅವನ್ನು ಬೇರೆಯಾಗಿ ನೋಡಬೇಕು.

ಬೇಸ್ ಪ್ಲೇಟಿಗೆ ನಾಲ್ಕು 16 ಮಿ.ಮೀ. ಬೋಲ್ಟ್ ಬಲಕ್ಕೆ ಧಾರಾಳ. ಸಮಸ್ಯೆ ಬೋಲ್ಟಿನ ದಪ್ಪದಲ್ಲಿರುವುದಿಲ್ಲ; ಆಮೇಲೆ ತೂತು ಕೊರೆದು, ಮರಳೇ ಹೆಚ್ಚಿರುವ ಗಾರೆ ತುಂಬಿ ನಿಲ್ಲಿಸಿದ ಬೋಲ್ಟ್ ಬಾಟಲಿಯ ಬಿರಟೆಯಂತೆ ಹೊರಬರುತ್ತದೆ. ಪ್ಲೇಟಿನ ಅಡಿಯ ಗ್ರೌಟಿನಲ್ಲಿ ಕೂದಲೆಳೆಯ ಸೀಳು ಸುತ್ತಲೂ ಕಂಡರೆ ಕಂಬ ಒಮ್ಮೆ ಎದ್ದು ಕೂತಿದೆ.

ಯಾವುದು ಮೊದಲು

ಪರೀಕ್ಷೆ ಮೇಲಿಂದ ಕೆಳಕ್ಕೆ ಮಾಡಿ, ದುರಸ್ತಿ ಕೆಳಗಿಂದ ಮೇಲಕ್ಕೆ. ಪತ್ರಾಗೆ ಮಾತ್ರ ಸ್ಕ್ರೂ ತುಂಬಿಸಿದರೆ ಎಳೆತ ಟ್ಯಾಕ್ ವೆಲ್ಡಿಗೆ ಇಳಿಯುತ್ತದೆ, ಅದನ್ನು ಗಟ್ಟಿ ಮಾಡಿದರೆ ಪಾಯಕ್ಕೆ. ಪತ್ರಾ ಹಾರಿಹೋದರೆ ಗಾಳಿ ಹೊರಹೋಗಿ ಚೌಕಟ್ಟಾದರೂ ಉಳಿಯುತ್ತದೆ ಎಂದು ವಾದಿಸುವ ಫ್ಯಾಬ್ರಿಕೇಟರುಗಳಿದ್ದಾರೆ. ಚೌಕಟ್ಟು ಉಳಿಯಬಹುದು, ಆದರೆ ಆ ಪತ್ರಾ ರಸ್ತೆಯಲ್ಲಿ ಹೋಗುವವರ ಕುತ್ತಿಗೆ ಮಟ್ಟದಲ್ಲಿ ಹಾರುತ್ತದೆ.

ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ತೌಕ್ತೆ ಗೋವೆ, ಮುಂಬಯಿ ಪಕ್ಕ ಹಾದುಹೋದದ್ದು 2021ರ ಮೇ ನಡುವಿನಲ್ಲಿ. ನಿಸರ್ಗ ರಾಯಗಡದ ಕರಾವಳಿಗೆ ಅಪ್ಪಳಿಸಿದ್ದು 2020ರ ಜೂನ್ 3ರಂದು. ಮುಂಗಾರಿಗೆ ಮೊದಲು ಬರುವ ಪುಣೆಯ ವಳೀವ ಮಳೆಯ ಗಾಳಿಯೂ ಏಪ್ರಿಲ್, ಮೇ ತಿಂಗಳಿನದೇ. ಕೆಲಸ ಅರ್ಧದಲ್ಲಿದ್ದಾಗ ಮುನ್ಸೂಚನೆ ಬಂದರೆ ಬಿಚ್ಚಿದ ಪತ್ರಾಗಳನ್ನು ಮಾಡಿನ ಮೇಲೆ ರಾಶಿ ಹಾಕದೆ ಕೆಳಗಿಳಿಸಿ, ಬ್ರೇಸಿಂಗ್ ಮೊದಲು ಬಿಗಿ ಮಾಡಿ, ಶಟರಿನ ಹಿಂದೆ ನಡುವಿಗೆ ಒಂದು ಚಾನೆಲ್ಲನ್ನು ನೆಲಕ್ಕೂ ಮೇಲಿನ ಬೀಮಿಗೂ ಬೋಲ್ಟ್ ಮಾಡಿ ನಿಲ್ಲಿಸಿ.